ಹೊರಕಿವಿಯ ಸೋಂಕಿಗೆ ಹನಿ ಹಾಕುವ ಕ್ರಮ: ಬಾಟಲಿಯನ್ನು ಬೆಚ್ಚಗಾಗಿಸುವುದು, ತಲೆಯನ್ನು ಸರಿಯಾಗಿ ಇರಿಸುವುದು

ಹೊರಕಿವಿಯ ಸೋಂಕಿಗೆ ಸಾಮಾನ್ಯವಾಗಿ ವೈದ್ಯರು ಮೊದಲು ಬರೆದುಕೊಡುವುದು ಮಾತ್ರೆಯಲ್ಲ, ಕಿವಿಗೆ ಹಾಕುವ ಹನಿ. ಸೋಂಕು ಇರುವುದು ಕಿವಿನಾಳದ ಒಳಚರ್ಮದ ಮೇಲೆ; ಅಲ್ಲಿಗೆ ನೇರವಾಗಿ ಬಿದ್ದ ಹನಿಯಲ್ಲಿ ಔಷಧದ ಸಾಂದ್ರತೆ, ನುಂಗಿದ ಮಾತ್ರೆ ರಕ್ತದ ಮೂಲಕ ಅದೇ ಚರ್ಮಕ್ಕೆ ತಲುಪಿಸಬಲ್ಲ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಆದರೆ ಈ ಲಾಭ ಸಿಗಬೇಕಾದರೆ ಹನಿ ಕಿವಿಯ ಬಾಯಲ್ಲಿ ನಿಲ್ಲದೆ ತಳದವರೆಗೆ ಇಳಿಯಬೇಕು ಮತ್ತು ಇಳಿದ ಮೇಲೆ ಕೆಲವು ನಿಮಿಷ ಅಲ್ಲೇ ಉಳಿಯಬೇಕು. ಔಷಧ ಸರಿಯಾಗಿದ್ದೂ ನೋವು ಇಳಿಯದ ಅನೇಕ ಸಂದರ್ಭಗಳಲ್ಲಿ ತಪ್ಪಿರುವುದು ಔಷಧದ ಆಯ್ಕೆಯಲ್ಲ, ಹಾಕಿದ ಬಗೆಯಲ್ಲಿ: ತಣ್ಣನೆಯ ಹನಿ ಬಿದ್ದೊಡನೆ ತಲೆ ತಿರುಗಿ ರೋಗಿ ಎದ್ದು ಕೂತಿರುತ್ತಾನೆ, ಇಲ್ಲವೇ ತಲೆ ಅರೆಬರೆ ವಾಲಿದ್ದರಿಂದ ಹನಿ ಕುತ್ತಿಗೆಯ ಮೇಲೆ ಹರಿದಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಆ ಎರಡು ವಿಷಯಗಳನ್ನೇ, ಅಂದರೆ ಹನಿಯ ಬಿಸುಪು ಮತ್ತು ತಲೆಯ ಭಂಗಿಯನ್ನೇ, ಬಿಡಿಸಿ ಹೇಳಲಾಗಿದೆ. ಇಲ್ಲಿರುವುದು ವೈದ್ಯರು ಕಿವಿಯೊಳಗೆ ನೋಡಿ ಹನಿ ಬರೆದುಕೊಟ್ಟ ನಂತರದ ಮಾತು. ಯಾವ ಹನಿ ಎಂಬ ತೀರ್ಮಾನ ಅವರದೇ.

ಕಿವಿನಾಳದ ಆಕಾರ

ವಯಸ್ಕರ ಕಿವಿನಾಳ ಸುಮಾರು 2.5 ಸೆಂಟಿಮೀಟರ್ ಉದ್ದವಿರುತ್ತದೆ. ಅದರ ಹೊರಗಿನ ಮೂರನೆಯ ಒಂದು ಭಾಗ ಬಾಗಬಲ್ಲ ಮೃದ್ವಸ್ಥಿಯಿಂದಾದದ್ದು, ಒಳಗಿನ ಮೂರನೆಯ ಎರಡು ಭಾಗ ತಲೆಬುರುಡೆಯ ಮೂಳೆಯೊಳಗೆ ಕೊರೆದಂತಿದ್ದು, ಕೊನೆಯಲ್ಲಿ ಕಿವಿತಮಟೆಯ ತೆಳುಪೊರೆ ಅದನ್ನು ಮುಚ್ಚಿರುತ್ತದೆ. ಈ ನಾಳ ನೇರವಾದ ಕೊಳವೆಯಲ್ಲ; ಹೊರಭಾಗ ಒಂದು ದಿಕ್ಕಿಗೂ ಒಳಭಾಗ ಇನ್ನೊಂದು ದಿಕ್ಕಿಗೂ ಸ್ವಲ್ಪ ತಿರುಗಿರುವುದರಿಂದ ನಡುವೆ ಒಂದು ಬಾಗು ಇದೆ, ಮತ್ತು ಒಟ್ಟಾರೆ ನೋಡಿದರೆ ನಾಳವು ಒಳಗೆ ಹೋಗುತ್ತಾ ಮುಖದ ಕಡೆಗೆ, ಅಂದರೆ ಮುಂದಕ್ಕೆ, ಸಾಗುತ್ತದೆ. ಹೊರಭಾಗ ಬಾಗಬಲ್ಲದ್ದಾದ್ದರಿಂದ ಕಿವಿಯ ಹಾಲೆಯನ್ನು ಎಳೆದಾಗ ಆ ಬಾಗು ಬಹುಮಟ್ಟಿಗೆ ನೇರವಾಗುತ್ತದೆ. ಹಾಲೆ ಎಳೆಯಿರಿ ಎಂದು ಔಷಧದ ಪೊಟ್ಟಣದ ಮೇಲೆ ಬರೆದಿರುವುದಕ್ಕೆ ಕಾರಣ ಇಷ್ಟೇ.

ಇನ್ನೊಂದು ಅಂಶವನ್ನೂ ಗಮನದಲ್ಲಿಡಬೇಕು. ನಾಳದ ಒಳ ಅವಕಾಶ ವಯಸ್ಕರಲ್ಲಿ ಸುಮಾರು 1 ಮಿಲಿಲೀಟರ್. ಔಷಧದ ಒಂದು ಹನಿ ಸುಮಾರು 0.05 ಮಿಲಿಲೀಟರ್. ನಾಲ್ಕು ಹನಿ ಹಾಕಿದರೆ 0.2 ಮಿಲಿಲೀಟರ್ ಆಗುತ್ತದೆ, ಅಂದರೆ ನಾಳ ತುಂಬುವುದಿಲ್ಲ. ಹನಿ ಗೋಡೆಯನ್ನು ತೋಯಿಸುತ್ತಾ ಕೆಳಗಿಳಿದು ತಳದಲ್ಲಿ ಒಂದು ಸಣ್ಣ ಕೊಳವಾಗಿ ನಿಲ್ಲುತ್ತದೆ. ಆ ಕೊಳ ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದು ತಲೆಯ ಭಂಗಿಯೇ ಹೊರತು ಬೇರೇನೂ ಅಲ್ಲ.

ತಣ್ಣನೆಯ ಹನಿಗೆ ತಲೆ ಏಕೆ ತಿರುಗುತ್ತದೆ

ಒಳಕಿವಿಯಲ್ಲಿ ದೇಹದ ಸಮತೋಲನವನ್ನು ಗ್ರಹಿಸುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವುಗಳ ತುಂಬ ದ್ರವವಿರುತ್ತದೆ. ತಲೆ ತಿರುಗಿಸಿದಾಗ ಆ ದ್ರವ ಸರಿದಾಡಿ ಮೆದುಳಿಗೆ ಸೂಚನೆ ಹೋಗುತ್ತದೆ. ಈ ಮೂರರಲ್ಲಿ ಅಡ್ಡಲಾಗಿರುವ ನಾಳ ಹೊರಕಿವಿಗೆ ಬಹಳ ಹತ್ತಿರದಲ್ಲಿದೆ. ಹೊರಕಿವಿಯೊಳಗೆ ದೇಹಕ್ಕಿಂತ ತಣ್ಣಗಿರುವ ಅಥವಾ ಬಿಸಿಯಾಗಿರುವ ದ್ರವ ಬಿದ್ದರೆ ಆ ನಾಳದ ಒಂದು ಪಕ್ಕ ಮಾತ್ರ ತಣಿಯುತ್ತದೆ ಅಥವಾ ಕಾಯುತ್ತದೆ. ತಣಿದ ದ್ರವ ಭಾರವಾಗಿ ಕೆಳಗಿಳಿಯುತ್ತದೆ, ಕಾದದ್ದು ಮೇಲೇರುತ್ತದೆ, ಹೀಗೆ ಒಳಗೊಂದು ಹರಿವು ಹುಟ್ಟುತ್ತದೆ. ತಲೆ ಅಲುಗದಿದ್ದರೂ ಮೆದುಳಿಗೆ ತಲೆ ತಿರುಗುತ್ತಿದೆ ಎಂಬ ಸೂಚನೆ ಹೋಗುತ್ತದೆ. ಇದೇ ತಲೆಸುತ್ತು, ಓಕರಿಕೆ, ಮತ್ತು ಕಣ್ಣುಗುಡ್ಡೆಗಳು ಒಂದು ಪಕ್ಕಕ್ಕೆ ಎಳೆದು ಎಳೆದು ಬರುವುದಕ್ಕೆ ಕಾರಣ.

ರಾಬರ್ಟ್ ಬಾರಾನಿ ಎಂಬ ವೈದ್ಯ ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೂ ಅತಿ ಬೆಚ್ಚಗಿದ್ದರೂ ರೋಗಿಗಳಿಗೆ ತಲೆ ತಿರುಗುವುದನ್ನು ಗಮನಿಸಿ ಇದರ ಹಿಂದಿನ ಕಾರಣವನ್ನು ವಿವರಿಸಿದನು; ಸಮತೋಲನದ ಅಂಗದ ಕುರಿತ ಕೆಲಸಕ್ಕಾಗಿ ಅವನಿಗೆ 1914ರ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದಿಗೂ ಒಳಕಿವಿಯನ್ನು ಪರೀಕ್ಷಿಸಲು ವೈದ್ಯರು ಕಿವಿಗೆ 30 ಡಿಗ್ರಿ ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರನ್ನು ಬಿಟ್ಟು ಬೇಕೆಂದೇ ತಲೆಸುತ್ತು ಬರಿಸುತ್ತಾರೆ. ದೇಹದ ಬಿಸುಪಾದ 37 ಡಿಗ್ರಿಯಿಂದ ಇವೆರಡೂ ಕೇವಲ 7 ಡಿಗ್ರಿ ದೂರ. ಅಲ್ಲಿ ಬಳಸುವ ನೀರು ಹೆಚ್ಚು, ಇಲ್ಲಿ ಬೀಳುವುದು ಕೆಲವೇ ಹನಿ, ನಿಜ. ಆದರೆ ತಂಪುಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಬಾಟಲಿಯ ದ್ರವ ದೇಹಕ್ಕಿಂತ 30 ಡಿಗ್ರಿಗೂ ಹೆಚ್ಚು ತಣ್ಣಗಿರುತ್ತದೆ. ಅದು ಕಿವಿತಮಟೆಯ ಮೇಲೆಯೇ ಹೋಗಿ ನಿಲ್ಲುತ್ತದೆ. ತಲೆ ತಿರುಗಿದರೆ ಆಶ್ಚರ್ಯವಿಲ್ಲ.

ಈ ತಲೆಸುತ್ತು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ, ಅದರಿಂದ ಕಿವಿಗೆ ಹಾನಿಯಿಲ್ಲ. ಅದರ ನಿಜವಾದ ತೊಂದರೆ ಬೇರೆ: ರೋಗಿ ಗಾಬರಿಯಿಂದ ತಟ್ಟನೆ ಏಳುತ್ತಾನೆ, ಬೀಳುವ ಸಾಧ್ಯತೆ ಇರುತ್ತದೆ, ಹಾಕಿದ ಹನಿಯೆಲ್ಲ ಹೊರಗೆ ಬರುತ್ತದೆ, ಮುಂದಿನ ಸರದಿಗೆ ಹನಿ ಎಂದರೆ ಹಿಂಜರಿಕೆ ಹುಟ್ಟುತ್ತದೆ. ಮಕ್ಕಳ ವಿಷಯದಲ್ಲಂತೂ ಮೊದಲ ಸಲ ತಣ್ಣನೆಯ ಹನಿ ಬಿದ್ದರೆ ಉಳಿದ ದಿನಗಳೆಲ್ಲ ಹೋರಾಟವೇ.

ಬಾಟಲಿಯನ್ನು ಬೆಚ್ಚಗಾಗಿಸುವುದು

ಮೊದಲು ಸಾಬೂನಿನಿಂದ ಕೈ ತೊಳೆದು ಒರೆಸಿಕೊಳ್ಳಬೇಕು. ಅನಂತರ ಮುಚ್ಚಳ ಬಿಗಿಯಾಗಿರುವ ಬಾಟಲಿಯನ್ನು ಅಂಗೈಯೊಳಗೆ ಪೂರ್ತಿ ಮುಚ್ಚಿಹೋಗುವಂತೆ ಹಿಡಿದು ಒಂದರಿಂದ ಎರಡು ನಿಮಿಷ ಇಟ್ಟುಕೊಳ್ಳಬೇಕು. ನಡುವೆ ಎರಡು ಅಂಗೈಗಳ ಮಧ್ಯೆ ಹೊರಳಿಸಿದರೆ ಒಳಗಿನ ದ್ರವ ಎಲ್ಲ ಕಡೆಯೂ ಸಮವಾಗಿ ಬೆಚ್ಚಗಾಗುತ್ತದೆ. ಕಿವಿಯ ಹನಿಯ ಬಾಟಲಿಗಳು ಸಾಮಾನ್ಯವಾಗಿ 5 ಅಥವಾ 10 ಮಿಲಿಲೀಟರಿನಷ್ಟು ಚಿಕ್ಕವಾದ್ದರಿಂದ, ಕೋಣೆಯಲ್ಲಿಯೇ ಇದ್ದ ಬಾಟಲಿಗೆ ಇಷ್ಟು ಹೊತ್ತು ಸಾಕು. ಅಂಗೈಯ ಬಿಸುಪು ದೇಹದ ಒಳಗಿನ ಬಿಸುಪಿಗಿಂತ ಕೆಲವು ಡಿಗ್ರಿ ಕಡಿಮೆ ಇರುವುದರಿಂದ ದ್ರವ 37 ಡಿಗ್ರಿಯನ್ನು ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಕೈಯಿಂದ ಕಾಯಿಸುವ ವಿಧಾನದ ದೊಡ್ಡ ಗುಣವೇ ಅದು ಎಂದೂ ಅತಿಯಾಗಿ ಬಿಸಿಯಾಗದಿರುವುದು; ಹೀಗಾಗಿ ಬೇರೆ ಯಾವ ಉಪಾಯಕ್ಕಿಂತಲೂ ಇದನ್ನೇ ನಾನು ಮೊದಲು ಹೇಳುತ್ತೇನೆ.

ತಂಪಿನಲ್ಲಿ ಇಡಬೇಕೆಂದು ಲೇಬಲ್ ಹೇಳುವ ಔಷಧವಾದರೆ ಎರಡು ನಿಮಿಷ ಸಾಲದು. ಅಂತಹ ಬಾಟಲಿಯನ್ನು ಹನಿ ಹಾಕುವ ಸುಮಾರು ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಟ್ಟು, ಕೊನೆಯಲ್ಲಿ ಅಂಗೈಯಲ್ಲಿ ಹಿಡಿಯುವುದು ಸರಿ. ಚಳಿಯಿಂದ ಕೈಯೇ ತಣ್ಣಗಿದ್ದರೆ ಬಾಟಲಿಯನ್ನು ಮೇಲಂಗಿಯ ಒಳಜೇಬಿನಲ್ಲಿ ಹತ್ತು ನಿಮಿಷ ಇಟ್ಟುಕೊಳ್ಳಬಹುದು, ಅಥವಾ ಮುಚ್ಚಳದ ಭಾಗ ನೀರಿಗೆ ತಾಗದಂತೆ ಉಗುರುಬೆಚ್ಚಗಿನ ನೀರಿರುವ ಬಟ್ಟಲಿನಲ್ಲಿ ಕೆಲವು ನಿಮಿಷ ನಿಲ್ಲಿಸಬಹುದು. ಆ ನೀರಿನಲ್ಲಿ ಕೈ ಅದ್ದಿದರೆ ಬಿಸಿ ಅನ್ನಿಸಬಾರದು, ಬರಿದೇ ಹಿತವಾಗಿರಬೇಕು.

ಕುದಿಯುವ ನೀರು, ಒಲೆಯ ಉರಿ, ಮೈಕ್ರೋವೇವ್, ಸುಡುಬಿಸಿಲು ಇವು ಯಾವುವೂ ಬೇಡ. ಕಿವಿನಾಳದ ಒಳಭಾಗದ ಚರ್ಮ ತೀರಾ ತೆಳುವಾಗಿ ನೇರವಾಗಿ ಮೂಳೆಗೆ ಅಂಟಿಕೊಂಡಿರುತ್ತದೆ, ಸೋಂಕಿನಿಂದ ಮೊದಲೇ ಕೆರಳಿರುತ್ತದೆ. ಬಿಸಿ ಹನಿ ಅದನ್ನು ಸುಡಬಲ್ಲದು. ಅತಿ ಬಿಸಿಯಿಂದ ಔಷಧವೂ ಕೆಡಬಹುದು, ಮೇಲಾಗಿ ಬಿಸಿಯೂ ತಣ್ಣನೆಯಷ್ಟೇ ತಲೆ ತಿರುಗಿಸುತ್ತದೆ. ಅಷ್ಟಾಗಿ ಯಾರ ಗಮನಕ್ಕೂ ಬಾರದ ಇನ್ನೊಂದು ಸಂಗತಿಯಿದೆ: ಬಾಟಲಿ ಕಾದಾಗ ಒಳಗಿನ ಗಾಳಿ ಹಿಗ್ಗಿರುತ್ತದೆ. ಅದನ್ನು ಹಾಗೆಯೇ ತಲೆಕೆಳಗು ಮಾಡಿದರೆ ಒತ್ತುವ ಮೊದಲೇ ಹನಿಗಳು ಸರಸರನೆ ಸುರಿದು ಎಣಿಕೆ ತಪ್ಪುತ್ತದೆ. ಆದ್ದರಿಂದ ಬೆಚ್ಚಗಾದ ಬಾಟಲಿಯನ್ನು ನೆಟ್ಟಗೆ ಹಿಡಿದು ಒಮ್ಮೆ ಮುಚ್ಚಳ ತೆರೆದು ಆ ಗಾಳಿಯನ್ನು ಹೊರಬಿಡುವುದು ಒಳ್ಳೆಯ ಅಭ್ಯಾಸ.

ದ್ರವ ಕದಡಿದಂತೆ, ಹಾಲುಬಣ್ಣಕ್ಕೆ ಇದ್ದರೆ ಅದರಲ್ಲಿ ಔಷಧದ ಕಣಗಳು ತೇಲುತ್ತಿರುತ್ತವೆ, ಬಿಟ್ಟರೆ ತಳಕ್ಕೆ ಇಳಿಯುತ್ತವೆ. ಅಂತಹದನ್ನು ಬೆಚ್ಚಗಾದ ಮೇಲೆ, ಮುಚ್ಚಳ ತೆರೆಯುವ ಮೊದಲು, ಚೆನ್ನಾಗಿ ಅಲುಗಿಸಬೇಕು. ಕೊನೆಯದಾಗಿ ಬಾಟಲಿಯ ತುದಿ ಚರ್ಮಕ್ಕೆ ತಾಗದಂತೆ ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಬೇಕು. ಬಿದ್ದದ್ದೇ ಗೊತ್ತಾಗದಷ್ಟು ಹಿತವಾಗಿದ್ದರೆ ಸರಿಯಾಗಿದೆ. ತಣ್ಣಗೆ ಚುಚ್ಚಿದರೆ ಇನ್ನೂ ಒಂದು ನಿಮಿಷ ಹಿಡಿಯಬೇಕು; ಬಿಸಿ ಎನಿಸಿದರೆ ಆರುವವರೆಗೆ ಕಾಯಬೇಕು.

ತಲೆಯನ್ನು ಇರಿಸುವುದು

ಸೋಂಕಿರುವ ಕಿವಿ ಮೇಲಕ್ಕೆ ಬರುವಂತೆ ಪಕ್ಕಕ್ಕೆ ಮಲಗುವುದೇ ಉತ್ತಮ ಭಂಗಿ. ಬಲಗಿವಿಗೆ ಹನಿಯಾದರೆ ಎಡಮಗ್ಗುಲು, ಎಡಗಿವಿಗಾದರೆ ಬಲಮಗ್ಗುಲು. ದಿಂಬು ಭುಜದ ಅಗಲಕ್ಕೆ ಹೊಂದುವಷ್ಟು ದಪ್ಪವಿದ್ದು ಕುತ್ತಿಗೆ ಬೆನ್ನುಮೂಳೆಯ ನೇರಕ್ಕೇ ಇರಬೇಕು. ದಿಂಬು ತೆಳುವಾಗಿ ತಲೆ ಜೋತುಬಿದ್ದರೂ, ದಪ್ಪವಾಗಿ ತಲೆ ಎತ್ತಿಕೊಂಡರೂ ಕಿವಿಯ ಬಾಯಿ ನೇರವಾಗಿ ಛಾವಣಿಯನ್ನು ನೋಡುವುದಿಲ್ಲ. ಮಗ್ಗುಲಾದ ಮೇಲೆ ಮುಖವನ್ನು ಛಾವಣಿಯ ಕಡೆಗೆ ಹೊರಳಿಸಬಾರದು. ಮೂಗಿನ ತುದಿ ಕೊಂಚವೇ ಹಾಸಿಗೆಯ ಕಡೆಗೆ ಬಾಗಿದ್ದರೆ ಇನ್ನೂ ಒಳ್ಳೆಯದು. ನಾಳವು ಒಳಗೆ ಹೋಗುತ್ತಾ ಮುಂದಕ್ಕೆ ಸಾಗುತ್ತದೆ ಎಂದು ಮೇಲೆ ಹೇಳಿದೆನಲ್ಲ, ಮುಖ ಸ್ವಲ್ಪ ಕೆಳಕ್ಕೆ ತಿರುಗಿದಾಗ ಆ ಓರೆ ತೊಲಗಿ ನಾಳ ಬಹುತೇಕ ಲಂಬವಾಗಿ ನಿಲ್ಲುತ್ತದೆ.

ಕುಳಿತಲ್ಲಿಯೇ ತಲೆಯನ್ನು ಭುಜದ ಕಡೆಗೆ ವಾಲಿಸಿ ಹನಿ ಹಾಕಿಕೊಳ್ಳುವವರೇ ಹೆಚ್ಚು. ಇದು ತಪ್ಪಲ್ಲದಿದ್ದರೂ ದುರ್ಬಲವಾದ ವಿಧಾನ. ಹೆಚ್ಚಿನವರ ಕುತ್ತಿಗೆ ಪಕ್ಕಕ್ಕೆ ಸುಮಾರು 45 ಡಿಗ್ರಿಯಷ್ಟು ಮಾತ್ರ ಬಾಗುತ್ತದೆ, ಹೀಗಾಗಿ ನಾಳ ಇಳಿಜಾರಾಗುತ್ತದೆಯೇ ಹೊರತು ನೆಟ್ಟಗಾಗುವುದಿಲ್ಲ; ಜೊತೆಗೆ ಆ ಭಂಗಿಯಲ್ಲಿ ಐದು ನಿಮಿಷ ಇರುವುದು ಯಾರಿಗೂ ಕಷ್ಟ. ಮಲಗಲು ಜಾಗವಿಲ್ಲದಿದ್ದರೆ ಮೇಜಿನ ಮುಂದೆ ಕುಳಿತು, ಮಡಿಸಿದ ಬಟ್ಟೆಯ ಮೇಲೆ ಕೆನ್ನೆಯಿಟ್ಟು, ಸೋಂಕಿರುವ ಕಿವಿ ಮೇಲಾಗುವಂತೆ ತಲೆಯನ್ನು ಪೂರ್ತಿ ಅಡ್ಡಲಾಗಿಸುವುದು ಅದಕ್ಕಿಂತ ಎಷ್ಟೋ ಮೇಲು.

ಸಾಧ್ಯವಿದ್ದಲ್ಲಿ ಹನಿಯನ್ನು ಇನ್ನೊಬ್ಬರು ಹಾಕಬೇಕು. ತನ್ನ ಕಿವಿಯ ಬಾಯಿ ತನಗೆ ಕಾಣುವುದಿಲ್ಲ. ಬಿದ್ದದ್ದು ಎಷ್ಟು ಹನಿ, ಒಳಗೆ ಹೋದದ್ದು ಎಷ್ಟು ಎಂಬುದೂ ತಿಳಿಯುವುದಿಲ್ಲ. ತಾನೇ ಹಾಕಿಕೊಳ್ಳುವವರು ಹೇಳಿದ್ದಕ್ಕಿಂತ ಕಡಿಮೆ ಹಾಕಿಕೊಳ್ಳುವುದೇ ಹೆಚ್ಚು. ಒಬ್ಬರೇ ಇದ್ದರೆ, ಎಡಮಗ್ಗುಲಾಗಿ ಮಲಗಿ, ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಹಾಲೆಯನ್ನು ಹಿಡಿದು, ಬಲಗೈಯಲ್ಲಿ ಬಾಟಲಿ ಹಿಡಿಯುವುದು ಅನುಕೂಲ. ಎಡಗಿವಿಗೆ ಇದನ್ನು ಅದಲುಬದಲು ಮಾಡಬೇಕು.

ಹಾಲೆಯನ್ನು ಎಳೆದು ಹನಿ ಬಿಡುವುದು

ಕಿವಿಯ ಹೊರಭಾಗದಲ್ಲಿ ಕೀವು ಅಥವಾ ನೀರು ಕಂಡರೆ ಸ್ವಚ್ಛವಾದ ಬಟ್ಟೆಯಿಂದ ಕಾಣುವಷ್ಟನ್ನು ಮಾತ್ರ ಒರೆಸಬೇಕು. ಹತ್ತಿಕಡ್ಡಿಯನ್ನು ಒಳಗೆ ಹಾಕಬಾರದು. ಅದು ಕಸವನ್ನು ತಳಕ್ಕೆ ದೂಡುತ್ತದೆ, ನೆನೆದು ಮೆತ್ತಗಾಗಿರುವ ಚರ್ಮವನ್ನು ಕೆರೆಯುತ್ತದೆ. ಎಷ್ಟೋ ಜನರಿಗೆ ಈ ಸೋಂಕು ಹತ್ತಿದ್ದೇ ಆ ಕಡ್ಡಿಯಿಂದ.

ವಯಸ್ಕರಲ್ಲಿಯೂ ಮೂರು ವರ್ಷ ಮೀರಿದ ಮಕ್ಕಳಲ್ಲಿಯೂ ಹಾಲೆಯ ಮೇಲಿನ ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅಗಲವಾಗಿ ಹಿಡಿದು ಮೇಲಕ್ಕೆ ಮತ್ತು ಹಿಂದಕ್ಕೆ, ಅಂದರೆ ನೆತ್ತಿಯ ಮತ್ತು ಹಿಂದಲೆಯ ಕಡೆಗೆ, ಎಳೆಯಬೇಕು. ಮೂರು ವರ್ಷದೊಳಗಿನ ಮಕ್ಕಳ ನಾಳದ ಓರೆ ಬೇರೆಯಾಗಿರುವುದರಿಂದ ಅವರ ಹಾಲೆಯನ್ನು ಕೆಳಕ್ಕೆ ಮತ್ತು ಹಿಂದಕ್ಕೆ ಎಳೆಯಬೇಕು. ಹೊರಕಿವಿಯ ಸೋಂಕಿನಲ್ಲಿ ಹಾಲೆ ಮುಟ್ಟಿದರೇ ನೋವಾಗುತ್ತದೆ, ಅದೇ ಈ ಸೋಂಕಿನ ಗುರುತು ಕೂಡ. ಹೀಗಾಗಿ ಜಗ್ಗದೆ, ಮೆಲ್ಲಗೆ, ಕಿವಿಯ ಬಾಯಿ ಅಗಲವಾಗುವುದು ಕಣ್ಣಿಗೆ ಕಾಣುವಷ್ಟು ಮಾತ್ರ ಎಳೆದರೆ ಸಾಕು. ಮೊದಲೆರಡು ದಿನ ಇಷ್ಟೂ ತಡೆಯಲಾಗದಿದ್ದರೆ ವೈದ್ಯರು ಹೇಳಿದ ನೋವಿನ ಮಾತ್ರೆಯನ್ನು ಹನಿಗಿಂತ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವುದು ಉಪಯುಕ್ತ.

ಹನಿಯನ್ನು ನಾಳದ ಮಧ್ಯಕ್ಕೆ ನೇರವಾಗಿ ಬಿಡದೆ ಬಾಯಿಯ ಅಂಚಿನ ಗೋಡೆಗೆ ತಾಗುವಂತೆ ಬಿಡಬೇಕು. ನಡುವೆ ಬಿದ್ದ ಹನಿ ಕಿರಿದಾದ ನಾಳವನ್ನು ಬಿರಡೆಯಂತೆ ಮುಚ್ಚುತ್ತದೆ, ಕೆಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲದೆ ಔಷಧ ಅಲ್ಲೇ ತೂಗಾಡುತ್ತದೆ. ಗೋಡೆಯ ಗುಂಟ ಇಳಿದರೆ ಎದುರು ಬದಿಯಿಂದ ಗಾಳಿ ಹೊರಬರುತ್ತದೆ. ಹನಿಗಳ ನಡುವೆ ಒಂದೆರಡು ಕ್ಷಣ ಬಿಡಬೇಕು, ಬಾಯಿಬಿಟ್ಟು ಎಣಿಸಬೇಕು, ಬಾಟಲಿಯ ತುದಿ ಕಿವಿಗೆ ತಾಗಬಾರದು. ತಾಗಿದರೆ ಸೋಂಕಿನ ಕಣಗಳು ಬಾಟಲಿಯನ್ನು ಸೇರಿ ಔಷಧವೇ ಕೊಳೆಯಾಗುತ್ತದೆ.

ಎಣಿಕೆ ಮುಗಿದ ಮೇಲೆ ಹಾಲೆಯನ್ನು ಬಿಟ್ಟು ಟ್ರೇಗಸ್ ಅನ್ನು, ಅಂದರೆ ಕಿವಿಯ ರಂಧ್ರದ ಮುಂದೆ ಕೆನ್ನೆಯ ಕಡೆಯಿಂದ ಚಾಚಿಕೊಂಡಿರುವ ಚಿಕ್ಕ ದಿಬ್ಬವನ್ನು, ಬೆರಳ ತುದಿಯಿಂದ ನಾಲ್ಕೈದು ಸಲ ಮೆಲ್ಲಗೆ ಒತ್ತಿ ಬಿಡಬೇಕು. ಇದರಿಂದ ಸಿಕ್ಕಿಕೊಂಡ ಗಾಳಿಗುಳ್ಳೆ ಹೊರಬಂದು ಔಷಧ ಒಳಗೆ ಸರಿಯುತ್ತದೆ. ಒತ್ತಿದರೆ ತೀರಾ ನೋವಾಗುವವರಿಗೆ ಹಾಲೆಯನ್ನು ಹಿಂದೆ ಮುಂದೆ ಸ್ವಲ್ಪ ಆಡಿಸಿದರೂ ಆದೀತು. ಹನಿ ಕೆಳಗಿಳಿದಾಗ ಕಿವಿಯೊಳಗೆ ತುಂಬಿಕೊಂಡಂತೆ ಅನಿಸಿ ಆ ಪಕ್ಕದ ಕೇಳುವಿಕೆ ತುಸು ಮಂಕಾಗುತ್ತದೆ. ಹಾಗೆ ಅನಿಸಿದರೆ ಔಷಧ ಸೇರಬೇಕಾದಲ್ಲಿ ಸೇರಿದೆ ಎಂದು ತಿಳಿಯಬಹುದು.

ಕಾಯುವುದು ಮತ್ತು ಏಳುವುದು

ಅದೇ ಮಗ್ಗುಲಲ್ಲಿ ಮೂರರಿಂದ ಐದು ನಿಮಿಷ ಮಲಗಿರಬೇಕು. ಕೆಲವು ಔಷಧಗಳ ಲೇಬಲ್ ಒಂದು ನಿಮಿಷ ಸಾಕೆನ್ನುತ್ತದೆ, ಕೆಲವು ಐದು ಎನ್ನುತ್ತವೆ; ಲೇಬಲ್ ಏನು ಹೇಳಿದರೂ ಐದು ನಿಮಿಷ ಮಲಗುವುದರಿಂದ ನಷ್ಟವಿಲ್ಲ. ಅಂದಾಜಿನ ಐದು ನಿಮಿಷ ಬಹುಪಾಲು ಎರಡೇ ಆಗಿರುತ್ತದೆ, ಆದ್ದರಿಂದ ಗಡಿಯಾರ ನೋಡಿಕೊಳ್ಳುವುದು ಒಳಿತು. ಅನಂತರ ನಿಧಾನವಾಗಿ ಎದ್ದು ಕುಳಿತು, ಹೊರಗೆ ಹರಿದುಬಂದ ಹನಿಯನ್ನು ಬಟ್ಟೆಯಿಂದ ಒರೆಸಬೇಕು. ಐದು ನಿಮಿಷದ ಬಳಿಕ ಸ್ವಲ್ಪ ಔಷಧ ಹೊರಬಂದರೆ ಚಿಂತೆಯಿಲ್ಲ, ಅದಕ್ಕಾಗಿ ಮತ್ತೆ ಹಾಕಬೇಕಾಗಿಲ್ಲ. ಕಿವಿಗೆ ಹತ್ತಿಯನ್ನು ತುರುಕಬಾರದು. ಹತ್ತಿ ಔಷಧವನ್ನು ಹೀರಿಕೊಳ್ಳುತ್ತದೆ, ನಾಳಕ್ಕೆ ಗಾಳಿಯಾಡದಂತೆ ಮಾಡುತ್ತದೆ. ಎರಡೂ ಕಿವಿಗಳಿಗೆ ಹಾಕಬೇಕಿದ್ದರೆ ಮೊದಲನೆಯದರ ಐದು ನಿಮಿಷ ಪೂರ್ತಿಯಾದ ಮೇಲೆಯೇ ಮಗ್ಗುಲು ಬದಲಿಸಬೇಕು.

ಎಚ್ಚರ ವಹಿಸಿದರೂ ತಲೆ ತಿರುಗಿದರೆ ಏಳದೆ, ಕಣ್ಣು ತೆರೆದು ಅಲುಗದ ಒಂದು ವಸ್ತುವನ್ನೇ ನೋಡುತ್ತಾ ಮಲಗಿರಬೇಕು. ಬೆಚ್ಚಗಿನ ಹನಿಗೂ ಪ್ರತಿ ಸಲ ತಲೆ ತಿರುಗುತ್ತಿದ್ದರೆ, ಅಥವಾ ತಿರುಗುವಿಕೆ ಗಂಟೆಗಟ್ಟಲೆ ಉಳಿದರೆ, ಕಾರಣ ಬಿಸುಪಲ್ಲ. ಹನಿ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಒಂದು ಉದಾಹರಣೆ

ಈಜಿ ಬಂದ ಬಳಿಕ ಬಲಗಿವಿಯಲ್ಲಿ ಸೋಂಕಾದ ವಯಸ್ಕ ಮಹಿಳೆಯೊಬ್ಬರಿಗೆ ದಿನಕ್ಕೆ ಎರಡು ಸಲ ನಾಲ್ಕು ನಾಲ್ಕು ಹನಿಯಂತೆ ಏಳು ದಿನ ಹಾಕಲು ಹೇಳಿದ್ದಾರೆ ಎಂದುಕೊಳ್ಳೋಣ. ಒಟ್ಟು 56 ಹನಿ, ಅಂದರೆ ಸುಮಾರು 2.8 ಮಿಲಿಲೀಟರ್, 5 ಮಿಲಿಲೀಟರಿನ ಬಾಟಲಿ ಧಾರಾಳವಾಗಿ ಸಾಲುತ್ತದೆ. ಮೂರನೆಯ ದಿನಕ್ಕೇ ಬಾಟಲಿ ಖಾಲಿಯಾಗುತ್ತಿದ್ದರೆ ಹನಿ ಹೊರಗೆ ಹರಿಯುತ್ತಿದೆ ಅಥವಾ ಎಣಿಕೆ ತಪ್ಪಿದೆ ಎಂದರ್ಥ. ಏಳು ದಿನ ಮುಗಿದರೂ ಬಾಟಲಿ ಬಹುಪಾಲು ತುಂಬಿಯೇ ಇದ್ದರೆ ಸಾಕಷ್ಟು ಹಾಕಿಲ್ಲ ಎಂದರ್ಥ.

ಮೊದಲ ದಿನ ಆಕೆ ತಂಪುಪೆಟ್ಟಿಗೆಯಲ್ಲಿಟ್ಟಿದ್ದ ಬಾಟಲಿಯಿಂದ ಕುಳಿತಲ್ಲಿಯೇ ಹನಿ ಹಾಕಿಕೊಳ್ಳುತ್ತಾರೆ. ಕೂಡಲೇ ಕೋಣೆ ತಿರುಗಿದಂತಾಗಿ ತಲೆ ನೆಟ್ಟಗೆ ಮಾಡುತ್ತಾರೆ, ಹನಿ ಕೆನ್ನೆಯ ಮೇಲೆ ಇಳಿಯುತ್ತದೆ. ಸಂಜೆಯಿಂದ ಕ್ರಮ ಬದಲಾಗುತ್ತದೆ: ಆ ಔಷಧಕ್ಕೆ ತಂಪು ಬೇಕಿಲ್ಲವೆಂದು ಲೇಬಲ್ ನೋಡಿ ತಿಳಿದು ಬಾಟಲಿಯನ್ನು ಕೋಣೆಯಲ್ಲಿಯೇ ಇಡುತ್ತಾರೆ, ಎರಡು ನಿಮಿಷ ಅಂಗೈಯಲ್ಲಿ ಹಿಡಿಯುತ್ತಾರೆ, ಎಡಮಗ್ಗುಲಾಗುತ್ತಾರೆ, ಮಗಳು ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ನಾಲ್ಕು ಹನಿ ಎಣಿಸಿ ಬಿಡುತ್ತಾಳೆ. ತಲೆ ತಿರುಗುವುದಿಲ್ಲ. ಎರಡನೆಯ ದಿನದ ಕೊನೆಗೆ ರಾತ್ರಿಯ ನೋವು ಕಡಿಮೆಯಾಗುತ್ತದೆ, ಮೂರನೆಯ ದಿನ ಹಾಲೆ ಮುಟ್ಟಿದರೆ ಮೊದಲಿನಷ್ಟು ನೋವಿಲ್ಲ. ಸರಿಯಾಗಿ ಹಾಕಿದ ಹನಿಯಿಂದ 48ರಿಂದ 72 ಗಂಟೆಯೊಳಗೆ ಇಂತಹ ಇಳಿಮುಖ ಕಾಣಬೇಕು. ನೋವು ಹೋಯಿತೆಂದು ಆಕೆ ಹನಿಯನ್ನು ನಡುವೆ ನಿಲ್ಲಿಸುವುದಿಲ್ಲ, ಏಳನೆಯ ದಿನದವರೆಗೂ ಹಾಕುತ್ತಾರೆ. ಆ ದಿನಗಳಲ್ಲಿ ಈಜಿಗೆ ಹೋಗುವುದಿಲ್ಲ. ಸ್ನಾನದ ವೇಳೆ ಪೆಟ್ರೋಲಿಯಂ ಜೆಲ್ಲಿ ಸವರಿದ ಹತ್ತಿಯುಂಡೆಯನ್ನು ಕಿವಿಯ ಬಾಯಿಗಷ್ಟೇ ಇಟ್ಟು, ಹೊರಬಂದೊಡನೆ ತೆಗೆಯುತ್ತಾರೆ.

ಹನಿ ಇಳಿಯದಿದ್ದರೆ, ಮತ್ತು ಹನಿ ಹಾಕಬಾರದ ಕಿವಿ

ಎಲ್ಲವನ್ನೂ ಸರಿಯಾಗಿ ಮಾಡಿದರೂ ಹನಿ ಕಿವಿಯ ಬಾಯಲ್ಲೇ ಹೊಳೆಯುತ್ತಾ ನಿಂತುಬಿಟ್ಟರೆ, ಟ್ರೇಗಸ್ ಒತ್ತಿದರೂ ಕೆಳಗಿಳಿಯದಿದ್ದರೆ, ನಾಳ ಊದಿ ಮುಚ್ಚಿಕೊಂಡಿದೆ ಅಥವಾ ಕೀವು, ಸತ್ತ ಚರ್ಮ, ಗುಗ್ಗೆ ಸೇರಿ ದಾರಿ ಕಟ್ಟಿದೆ. ಇಲ್ಲಿ ಹನಿಯ ಸಂಖ್ಯೆ ಹೆಚ್ಚಿಸಿ ಫಲವಿಲ್ಲ. ಕಸವನ್ನು ವೈದ್ಯರೇ ಕಣ್ಣಿಗೆ ಕಾಣುವಂತೆ ತೆಗೆಯಬೇಕು. ನಾಳ ಊದಿದ್ದರೆ ಅವರು ಒಂದು ತೆಳುವಾದ ಬತ್ತಿಯನ್ನು ಒಳಗೆ ಸೇರಿಸುತ್ತಾರೆ; ಅದು ಹನಿಯನ್ನು ಹೀರಿ ಹಿಗ್ಗುತ್ತಾ ಔಷಧವನ್ನು ತಳದವರೆಗೆ ಒಯ್ಯುತ್ತದೆ. ಬತ್ತಿ ಇರುವಾಗ ಹನಿಯನ್ನು ಅದರ ಹೊರತುದಿಯ ಮೇಲೆ ಬಿಡಬೇಕು, ಉಳಿದ ಕ್ರಮವೆಲ್ಲ ಹಾಗೆಯೇ. ಊತ ಇಳಿದಂತೆ ಬತ್ತಿ ತಾನಾಗಿ ಜಾರಿ ಬೀಳುವುದುಂಟು, ಅದು ಒಳ್ಳೆಯ ಸೂಚನೆ. ಬೀಳದಿದ್ದರೆ ತಾವಾಗಿ ಕೀಳದೆ ವೈದ್ಯರು ಹೇಳಿದ ದಿನ ತೋರಿಸಬೇಕು.

ಕಿವಿತಮಟೆಯಲ್ಲಿ ತೂತಿದ್ದರೆ ಅಥವಾ ಹಿಂದೆ ಅದರಲ್ಲಿ ಕೊಳವೆ ಹಾಕಿಸಿಕೊಂಡಿದ್ದರೆ ಅದನ್ನು ಮೊದಲೇ ಹೇಳಬೇಕು. ನಿಯೋಮೈಸಿನ್, ಜೆಂಟಾಮೈಸಿನ್ ಇರುವ ಹನಿಗಳು ಆ ತೂತಿನ ಮೂಲಕ ಒಳಗೆ ಹೋದರೆ ಕೇಳುವ ಶಕ್ತಿಗೆ ಹಾನಿ ಮಾಡಬಲ್ಲವು. ಹನಿ ಹಾಕಿದ ಕೆಲವು ನಿಮಿಷಗಳಲ್ಲಿ ಗಂಟಲಲ್ಲಿ ಔಷಧದ ರುಚಿ ಬಂದರೆ ತಮಟೆಯಲ್ಲಿ ತೂತಿದೆ ಎಂದು ಶಂಕಿಸಬೇಕು. ಮುಂದಿನ ಸರದಿಯನ್ನು ಹಾಕದೆ ವೈದ್ಯರನ್ನು ಕೇಳಬೇಕು. ನಿಯೋಮೈಸಿನ್ ಇನ್ನೊಂದು ಬಗೆಯಲ್ಲೂ ಕಾಡುತ್ತದೆ: ಕೆಲವರಿಗೆ ಅದು ಒಗ್ಗದೆ, ನೋವು ಇಳಿಯುತ್ತಿದ್ದರೂ ತುರಿಕೆ ಹೆಚ್ಚಿ, ಹನಿ ಹರಿದ ಜಾಗದ ಗುಂಟ ಹಾಲೆಯ ಮೇಲೂ ಕುತ್ತಿಗೆಯ ಮೇಲೂ ಕೆಂಪು ಹರಡುತ್ತದೆ. ಹನಿ ಬಿದ್ದೊಡನೆ ಕೆಲವು ಕ್ಷಣ ಉರಿಯುವುದು ಬೇರೆ, ಅದು ಸಾಮಾನ್ಯ.

ಮೂರು ದಿನ ಸರಿಯಾಗಿ ಹಾಕಿದ ಮೇಲೂ ನೋವು ಇಳಿಯದಿದ್ದರೆ, ಜ್ವರ ಬಂದರೆ, ಕಿವಿಯ ಹಿಂದೆ ಊದಿದರೆ ಮತ್ತೆ ತೋರಿಸಬೇಕು. ಸಕ್ಕರೆ ಕಾಯಿಲೆ ಇರುವವರು, ಅದರಲ್ಲೂ ವಯಸ್ಸಾದವರು, ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಅಷ್ಟು ದಿನವೂ ಕಾಯಬಾರದು. ಅವರಲ್ಲಿ ಸೋಂಕು ನಾಳದ ಚರ್ಮವನ್ನು ದಾಟಿ ತಲೆಬುರುಡೆಯ ಮೂಳೆಗೆ ಇಳಿಯುವ ಅಪಾಯವಿದೆ. ರಾತ್ರಿ ನಿದ್ದೆಗೆಡಿಸುವಷ್ಟು ಆಳವಾದ ನೋವು, ಮುಖದ ಒಂದು ಪಕ್ಕ ಸೋತಂತಾಗುವುದು ಅದರ ಲಕ್ಷಣಗಳು. ಅದಕ್ಕೆ ಹನಿ ಸಾಲುವುದಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.